ಡಬ್ಬದ ಮುಂಭಾಗದ 30 ಗ್ರಾಂ ಮತ್ತು ಹಿಂಭಾಗದ ಲೆಕ್ಕ

ಪ್ರಶ್ನೆ: ಎರಡು ವೇ ಪ್ರೋಟೀನ್ ಡಬ್ಬಗಳಲ್ಲಿ ಯಾವುದು ಉತ್ತಮ? ಮೊದಲನೆಯದರಲ್ಲಿ ಎರಡು ಸ್ಕೂಪ್‌ಗೆ (48 ಗ್ರಾಂ ಪುಡಿ) 30 ಗ್ರಾಂ ಪ್ರೋಟೀನ್, ಲ್ಯೂಸಿನ್ 2.1 ಗ್ರಾಂ ಎಂದಿದೆ. ಎರಡನೆಯದರಲ್ಲಿ ಒಂದು ಸ್ಕೂಪ್‌ಗೆ (30 ಗ್ರಾಂ ಪುಡಿ) 24 ಗ್ರಾಂ ಪ್ರೋಟೀನ್, ಲ್ಯೂಸಿನ್ 2.5 ಗ್ರಾಂ. ಸೀಸ ಗೀಸ ಸೇರಿರುತ್ತದೆ ಎನ್ನುತ್ತಾರೆ, ಅದನ್ನು ತಿಳಿಯುವುದು ಹೇಗೆ?

ಉತ್ತರ: ನಾನಾಗಿದ್ದರೆ ಎರಡನೆಯದನ್ನು ಆರಿಸುತ್ತಿದ್ದೆ. ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲವು ವರ್ಷ ಕೆಲಸ ಮಾಡಿದ ಮೇಲೆ ಡಬ್ಬದ ಮುಂಭಾಗವನ್ನು ಓದುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ; ನೀವು ಹಿಂಭಾಗದ ಅಂಕಿಗಳನ್ನೂ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು.

ಮೊದಲು ಪ್ರೋಟೀನನ್ನು ಪುಡಿಯ ತೂಕದಿಂದ ಭಾಗಿಸಿ. 48 ಗ್ರಾಂನಲ್ಲಿ 30 ಎಂದರೆ ಶೇಕಡ 62.5, 30 ಗ್ರಾಂನಲ್ಲಿ 24 ಎಂದರೆ ಶೇಕಡ 80. ಒಂದು ಸರ್ವಿಂಗ್ ಎಷ್ಟೆಂಬುದನ್ನು ತಯಾರಕರೇ ನಿರ್ಧರಿಸುವುದರಿಂದ, ಸ್ಕೂಪ್‌ಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಮುಂಭಾಗದ ಅಂಕಿ ದೊಡ್ಡದಾಗುತ್ತದೆ. ನಿಮ್ಮ ಮೊದಲ ಡಬ್ಬದಲ್ಲಿ ಪ್ರತಿ ಸರ್ವಿಂಗ್‌ನ 18 ಗ್ರಾಂ ಪ್ರೋಟೀನೇ ಅಲ್ಲ. ಅದು ಸಕ್ಕರೆ, ಕೋಕೋ, ಕೊಬ್ಬು, ತೇವಾಂಶ ಇತ್ಯಾದಿ. (ಸ್ಕೂಪನ್ನು ಒಮ್ಮೆಯಾದರೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ಪುಡಿ ಒತ್ತಿ ಕುಳಿತಿದ್ದರೆ ಒಂದು ತೂಕ, ಸಡಿಲವಾಗಿದ್ದರೆ ಇನ್ನೊಂದು ತೂಕ ಬರುತ್ತದೆ.)

ಆ 30 ಗ್ರಾಂ ಕೂಡ ಪೂರ್ತಿ ನಿಜವೇ ಎಂಬುದನ್ನು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಒಂದಾದ ಲ್ಯೂಸಿನ್ ಹೇಳುತ್ತದೆ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು ಅದನ್ನು 6.25ರಿಂದ, ಹಾಲಿನ ಉತ್ಪನ್ನವಾದರೆ 6.38ರಿಂದ, ಗುಣಿಸುತ್ತಾರೆ. ಸಾರಜನಕವಿರುವ ಯಾವ ವಸ್ತುವನ್ನು ಬೆರೆಸಿದರೂ ಈ ಲೆಕ್ಕದಲ್ಲಿ ಅದು ಪ್ರೋಟೀನಾಗಿಯೇ ಕಾಣುತ್ತದೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಿದ್ದು ಇದೇ ದೌರ್ಬಲ್ಯವನ್ನು ಬಳಸಿಕೊಂಡು. ಪುಡಿಗಳಲ್ಲಿ ಸೇರಿಸುವುದು ಅಂತಹ ವಿಷವನ್ನಲ್ಲ, ಗ್ಲೈಸಿನ್ ಅಥವಾ ಟಾರಿನ್‌ನಂತಹ ಅಗ್ಗದ ವಸ್ತುಗಳನ್ನು. ಆದರೆ ಒಂದು ಗ್ರಾಂ ಗ್ಲೈಸಿನ್ ಆ ಪರೀಕ್ಷೆಯಲ್ಲಿ ಸುಮಾರು 1.17 ಗ್ರಾಂ ಪ್ರೋಟೀನೆಂದು ದಾಖಲಾಗುತ್ತದೆ.

ವೇ ಪ್ರೋಟೀನಿನಲ್ಲಿ ಲ್ಯೂಸಿನ್ ಶೇಕಡ 10ರಿಂದ 11ರ ಆಸುಪಾಸಿನಲ್ಲಿರುತ್ತದೆ. ನಿಮ್ಮ ಎರಡನೆಯ ಡಬ್ಬದಲ್ಲಿ 24ಕ್ಕೆ 2.5, ಅಂದರೆ ಶೇಕಡ 10.4, ಇದು ಸರಿಯಾಗಿದೆ. ಮೊದಲನೆಯದರಲ್ಲಿ 30ಕ್ಕೆ 2.1, ಅಂದರೆ ಶೇಕಡ 7 ಮಾತ್ರ. ಅಷ್ಟು ಲ್ಯೂಸಿನ್ ಬರಲು 20 ಗ್ರಾಂ ವೇ ಪ್ರೋಟೀನ್ ಸಾಕು, ಮತ್ತು ಉಳಿದ 10 ಗ್ರಾಂ ಪ್ರೋಟೀನನ್ನು ಕಾಗದದ ಮೇಲೆ ತೋರಿಸಲು ಎಂಟೂವರೆ ಗ್ರಾಂ ಗ್ಲೈಸಿನ್ ಸಾಕಾಗುತ್ತದೆ. ಹಾಗೆಯೇ ನಡೆದಿದೆ ಎಂದು ನಾನು ಹೇಳಲಾರೆ, ಆದರೆ ಘಟಕಾಂಶಗಳ ಪಟ್ಟಿಯನ್ನು ಒಮ್ಮೆ ಓದಿ: ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಆದ್ದರಿಂದ ಗ್ಲೈಸಿನ್, ಟಾರಿನ್, ಕ್ರಿಯಾಟಿನ್ ಅಥವಾ ಕೊಲಾಜೆನ್ ಮೇಲಿನ ಸಾಲುಗಳಲ್ಲಿದ್ದರೆ ಅನುಮಾನಕ್ಕೆ ಕಾರಣವಿದೆ. ಎಲ್-ಲ್ಯೂಸಿನ್ ಎಂಬ ಹೆಸರು ಪ್ರತ್ಯೇಕವಾಗಿ ಕಂಡರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ, ಏಕೆಂದರೆ ಅಳತೆಗೋಲನ್ನೇ ಹೊರಗಿನಿಂದ ತಂದು ಸೇರಿಸಿದಂತಾಗುತ್ತದೆ. ಬಟಾಣಿ ಮುಂತಾದ ಸಸ್ಯಮೂಲದ ಪುಡಿಗಳಲ್ಲಿ ಲ್ಯೂಸಿನ್ ಸಹಜವಾಗಿಯೇ ಕಡಿಮೆಯಿರುವುದರಿಂದ ಅವುಗಳಿಗೂ ಇದನ್ನು ಅನ್ವಯಿಸಬೇಡಿ.

ಸೀಸದ ವಿಷಯದಲ್ಲಿಯೂ ಸರ್ವಿಂಗ್‌ನ ತೂಕವೇ ಮುಖ್ಯ. ಸಸ್ಯಗಳು ಮಣ್ಣಿನಿಂದ ಸೀಸ ಮತ್ತು ಕ್ಯಾಡ್ಮಿಯಂಗಳನ್ನು ಹೀರಿಕೊಳ್ಳುತ್ತವೆ, ಕೋಕೋದಲ್ಲಿಯೂ ಅವು ಬರುತ್ತವೆ; ಹೀಗಾಗಿ ಸಸ್ಯಮೂಲದ ಮತ್ತು ಚಾಕೊಲೇಟ್ ರುಚಿಯ ಪುಡಿಗಳಲ್ಲಿ ಇವುಗಳ ಪ್ರಮಾಣ ಸಾಮಾನ್ಯವಾಗಿ ಹೆಚ್ಚು. ಲೇಬಲ್ಲಿನಲ್ಲಿ ಇದು ಕಾಣುವುದಿಲ್ಲ. ತಯಾರಕರಿಗೆ ಬರೆದು ನಿಮ್ಮ ಡಬ್ಬದ ಬ್ಯಾಚ್ ಸಂಖ್ಯೆಗೆ ಸೇರಿದ ಪರೀಕ್ಷಾ ವರದಿಯನ್ನೇ ಕೇಳಿ. ಬೇರೆ ಬ್ಯಾಚಿನ ಹಳೆಯ ವರದಿಯಿಂದ ನಿಮ್ಮ ಡಬ್ಬದ ಬಗ್ಗೆ ಏನೂ ತಿಳಿಯುವುದಿಲ್ಲ. ಪಿಪಿಎಂ ಎಂದರೆ ಒಂದು ಗ್ರಾಂನಲ್ಲಿ ಎಷ್ಟು ಮೈಕ್ರೋಗ್ರಾಂ ಎಂದು ಅರ್ಥ, ಆದ್ದರಿಂದ ಸೀಸ 0.05 ಪಿಪಿಎಂ ಇದ್ದರೆ 48 ಗ್ರಾಂನಲ್ಲಿ 2.4 ಮೈಕ್ರೋಗ್ರಾಂ, 30 ಗ್ರಾಂನಲ್ಲಿ 1.5 ಮೈಕ್ರೋಗ್ರಾಂ ನಿಮ್ಮ ದೇಹಕ್ಕೆ ಸೇರುತ್ತದೆ. ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಎಚ್ಚರಿಕೆಯ ಸೂಚನೆ ಮುದ್ರಿಸಬೇಕಾದ ಮಿತಿ ದಿನಕ್ಕೆ 0.5 ಮೈಕ್ರೋಗ್ರಾಂ, ಇದು ಬಹಳ ಬಿಗಿಯಾದದ್ದು. ಆ ದೇಶದ ಆಹಾರ ಮತ್ತು ಔಷಧ ಆಡಳಿತವು ಗರ್ಭ ಧರಿಸುವ ವಯಸ್ಸಿನ ಮಹಿಳೆಯರಿಗೆ ಎಲ್ಲ ಆಹಾರವೂ ಸೇರಿ ದಿನಕ್ಕೆ 8.8 ಎಂದು ಇಟ್ಟುಕೊಂಡಿದೆ.

ವರದಿಯಲ್ಲಿ "ಪತ್ತೆಯಾಗಿಲ್ಲ" ಎಂಬ ಪದವನ್ನು ನೋಡಿ ನಿಶ್ಚಿಂತರಾಗಬೇಡಿ. ಅದರ ಪಕ್ಕದಲ್ಲಿ ಪತ್ತೆಯ ಮಿತಿ ಎಷ್ಟೆಂದು ಬರೆದಿರಬೇಕು. ಆ ಮಿತಿಯೇ 0.1 ಪಿಪಿಎಂ ಆಗಿದ್ದರೆ, 48 ಗ್ರಾಂ ಪುಡಿಯಲ್ಲಿ ಸುಮಾರು 4.8 ಮೈಕ್ರೋಗ್ರಾಂವರೆಗೆ ಸೀಸವಿದ್ದರೂ ಅದು "ಪತ್ತೆಯಾಗಿಲ್ಲ" ಎಂದೇ ಬರುತ್ತದೆ. ಮಿತಿ 0.01 ಇದ್ದರೆ ಆ ಪದಕ್ಕೆ ಬೆಲೆಯಿದೆ. ಇನ್‌ಫಾರ್ಮ್ಡ್ ಸ್ಪೋರ್ಟ್ ಗುರುತು ಮುಖ್ಯವಾಗಿ ಕ್ರೀಡೆಯಲ್ಲಿ ನಿಷೇಧಿತವಾದ ಪದಾರ್ಥಗಳಿಗಾಗಿ ಪ್ರತಿ ಬ್ಯಾಚನ್ನು ಪರೀಕ್ಷಿಸಿದ್ದನ್ನು ಸೂಚಿಸುತ್ತದೆ. ಅದನ್ನು ಸೀಸದ ಪ್ರಮಾಣಪತ್ರವೆಂದು ಭಾವಿಸಬೇಡಿ. ಎರಡನೆಯ ಡಬ್ಬದವರು ವರದಿ ಕಳುಹಿಸಲು ಒಪ್ಪದಿದ್ದರೆ ನಾನು ಅದನ್ನೂ ಬಿಟ್ಟು ಮೂರನೆಯದನ್ನು ಹುಡುಕುತ್ತೇನೆ.