ಸ್ಕೇಟಿಂಗ್ ರೌಂಡ್ ಟೈಮ್‌ನಿಂದ ಸ್ಪೀಡ್ ಲೆಕ್ಕ

ಪ್ರಶ್ನೆ: ದಾವಣಗೆರೆಯಲ್ಲಿ ಮಗಳು ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಒಂದು ರೌಂಡ್ 18 ಸೆಕೆಂಡ್. ಸ್ಪೀಡ್ ಎಷ್ಟು, ಒಂದು ಗಂಟೆಯಲ್ಲಿ ಎಷ್ಟು ದೂರ ಹೋಗ್ತಾಳೆ?

ನಾನೂ ಇಲ್ಲೇ ಮಕ್ಕಳ ಟೈಮ್ ಬರೆದುಕೊಳ್ಳುವವನು. ಸೂತ್ರ ಸುಲಭ. ರೌಂಡಿನ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು 3.6ರಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿ. ಗಂಟೆಗೆ ಎಷ್ಟು ಕಿ.ಮೀ. ಅಂತ ಬರುತ್ತದೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಆ ಉದ್ದದಲ್ಲೇ.

ನಿಮ್ಮ ರಿಂಕ್‌ನ ನೇರ ಭಾಗ ಎರಡೂ ಕಡೆ 20 ಮೀಟರ್, ಎರಡು ತಿರುವುಗಳೂ ಅರ್ಧ ವೃತ್ತ, ಒಳಗಿನ ಅಂಚಿನ ತ್ರಿಜ್ಯ 8 ಮೀಟರ್ ಅಂದುಕೊಳ್ಳಿ. ಎರಡು ತಿರುವು ಸೇರಿದರೆ ಒಂದು ಪೂರ್ತಿ ವೃತ್ತ. ಅಂದರೆ ಒಳ ಅಂಚಿನಲ್ಲಿ ಉದ್ದ 40 + 2 × 3.1416 × 8, ಸುಮಾರು 90.3 ಮೀಟರ್. ಆದರೆ ಮಕ್ಕಳು ಅಂಚಿಗೆ ಅಂಟಿಕೊಂಡು ಓಡುವುದಿಲ್ಲ ಅಲ್ವಾ? ಒಂದು ಮೀಟರ್ ಹೊರಗೆ ಹೋದರೆ ತ್ರಿಜ್ಯ 9 ಆಗಿ ಉದ್ದ 96.5 ಮೀಟರ್. ನೇರ ಭಾಗ ಎಷ್ಟೇ ಉದ್ದವಿದ್ದರೂ, ಸುತ್ತಲೂ ಒಂದು ಮೀಟರ್ ಹೊರಗೆ ಹೋದರೆ ಒಂದು ರೌಂಡಿಗೆ ಸುಮಾರು 6.3 ಮೀಟರ್ ಜಾಸ್ತಿ ಆಗುತ್ತದೆ.

18 ಸೆಕೆಂಡಿಗೆ ಲೆಕ್ಕ ಹಾಕಿದರೆ, ಒಳ ಅಂಚಿನ ಉದ್ದಕ್ಕೆ ಸುಮಾರು 18.1, ಹೊರಗಿನದಕ್ಕೆ 19.3 ಕಿ.ಮೀ. ಗಂಟೆಗೆ ಒಂದು ಕಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ! ಹಾಗಾಗಿ ತಿರುವಿನ ನಡುವೆ ಅರ್ಧ ಅರ್ಧ ಮೀಟರಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಅವಳು ಯಾವ ಗುರುತಿನ ಮೇಲೆ ಹೋಗುತ್ತಾಳೆ ನೋಡಿ. ಆ ಸಾಲಿನ ಉದ್ದವನ್ನೇ ಬಳಸಿ. ಬೇರೆ ಮಕ್ಕಳ ಜೊತೆ ಹೋಲಿಸುವುದಾದರೆ ಮಾತ್ರ ಎಲ್ಲರಿಗೂ ಒಂದೇ ಉದ್ದ ಹಿಡಿಯಿರಿ.

ಒಂದೇ ರೌಂಡ್ ಟೈಮ್ ನಂಬಬೇಡಿ. ಸ್ಟಾಪ್‌ವಾಚ್ ಒತ್ತುವಾಗ 0.3 ಸೆಕೆಂಡ್ ಆಚೀಚೆ ಆಗಿಬಿಡುತ್ತದೆ. ಹತ್ತು ರೌಂಡ್ ಒಟ್ಟಿಗೆ ಅಳೆದರೆ ಅದೇ ತಪ್ಪು ಹತ್ತರಲ್ಲಿ ಹಂಚಿಹೋಗುತ್ತದೆ. ನಿಂತಲ್ಲಿಂದ ಹೊರಟ ಮೊದಲ ರೌಂಡ್ ಬಿಟ್ಟುಬಿಡಿ. ಸರಾಸರಿಗೆ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿ. ಪ್ರತಿ ರೌಂಡಿನ ಸ್ಪೀಡ್ ತೆಗೆದು ಕೂಡಿಸಿ ಭಾಗಿಸಿದರೆ ಉತ್ತರ ಜಾಸ್ತಿ ಬರುತ್ತದೆ. 96.5 ಮೀಟರ್ ಉದ್ದಕ್ಕೆ 15 ಮತ್ತು 25 ಸೆಕೆಂಡಿನ ಎರಡು ರೌಂಡ್ ನೋಡಿ: ಹಾಗೆ ಮಾಡಿದರೆ 18.5, ನಿಜವಾದ ಸರಾಸರಿ 17.4.

ಇನ್ನು ಒಂದು ಗಂಟೆಯ ದೂರ. 3600 ಅನ್ನು 18ರಿಂದ ಭಾಗಿಸಿದರೆ 200 ರೌಂಡ್, 19.3 ಕಿ.ಮೀ. ದಾವಣಗೆರೆಯಿಂದ ಹರಿಹರ ದಾಟಿ ಹೋಗುವಷ್ಟು. ಆ ವೇಗ ಕೊನೆತನಕ ಉಳಿದರೆ ಮಾತ್ರ ಈ ಲೆಕ್ಕ ಸರಿ, ಸುಮ್ನೆ ಒಂದೆರಡು ರೌಂಡ್ ನೋಡಿ ಅದನ್ನು ಹೇಳಲಾಗದು. ಹತ್ತು ನಿಮಿಷ ನಿಲ್ಲಿಸದೆ ಓಡಿಸಿ, ಮೊದಲ ಐದು ರೌಂಡನ್ನೂ ಕೊನೆಯ ಐದು ರೌಂಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಶುರುವಿನಲ್ಲಿ 18, ಕೊನೆಯಲ್ಲಿ 21 ಬಂದರೆ ಆ ಕೊನೆಯ ವೇಗ 16.5 ಕಿ.ಮೀ. ಮಾತ್ರ. ಆಗಲೂ ಟೈಮ್ ಏರುತ್ತಲೇ ಇದ್ದರೆ ಗಂಟೆಯ ದೂರ ಅದಕ್ಕಿಂತಲೂ ಕಡಿಮೆಯಾಗಬಹುದು. ಟೈಮ್ 21ರಲ್ಲಿ ನಿಂತುಬಿಟ್ಟರೆ 16.5 ಅನ್ನೋದನ್ನು ಅಂದಾಜಾಗಿ ಇಟ್ಟುಕೊಳ್ಳಿ.