ಅಜ್ಜಿಯ ಹಸೆ ಹಾಡು, ಮಕ್ಕಳ ತುತ್ತೂರಿ

ಪ್ರಶ್ನೆ: ಮಗಳ ಮೊದಲ ಬರ್ತ್‌ಡೇ. ಪುಟ್ಟ ಮಕ್ಕಳು ಖುಷಿಯಾಗಿರಬೇಕು, ಅಜ್ಜ ಅಜ್ಜಿಗೆ ತಲೆನೋವು ಬರಬಾರದು. ಯಾವ ಹಾಡು ಹಾಕಲಿ?

ಮಗನ ಬರ್ತ್‌ಡೇಯಲ್ಲಿ ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಶಿರಸಿ ಹತ್ತಿರದ ನಮ್ಮ ಮನೆ, ಅಂಗಳಕ್ಕೆ ತಗಡಿನ ಚಪ್ಪರ. ಅದರಡಿ ಸ್ಪೀಕರ್ ಇಟ್ಟು ಮೊಬೈಲಿನ ಮಕ್ಕಳ ಹಾಡು ಒಂದರ ಹಿಂದೆ ಒಂದು ಹಾಕಿದೆ. ಅರ್ಧ ಗಂಟೆಯಲ್ಲಿ ಅಪ್ಪ ಕಿವಿಯ ಮಷಿನ್ ತೆಗೆದು ಕಿಸೆಗೆ ಹಾಕಿಕೊಂಡರು. ಕೇಕ್ ಕತ್ತರಿಸುವಾಗ ಮೂವತ್ತು ಜನ ಒಟ್ಟಿಗೆ ಕೂಗಿ ಚಪ್ಪಾಳೆ ತಟ್ಟಿದ್ದೇ ತಡ, ಮಗ ಬೆಚ್ಚಿಬಿದ್ದು ಅಳಲು ಶುರು ಮಾಡಿದ. ಎಲ್ಲ ಫೋಟೊದಲ್ಲೂ ಅಳುಮುಖವೇ.

ವಯಸ್ಸಾದಂತೆ ಸಾಮಾನ್ಯವಾಗಿ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸ್ವರಗಳನ್ನು. ‘ಸ’, ‘ಶ’ ತರದ ಅಕ್ಷರ ಸರಿಯಾಗಿ ಕೇಳುವುದಿಲ್ಲ. ಮೊಬೈಲಿನ ಹೆಚ್ಚಿನ ಮಕ್ಕಳ ಹಾಡುಗಳಲ್ಲಿ ಧ್ವನಿ ಕೀರಲು, ವಾದ್ಯ ಜಾಸ್ತಿ. ತಗಡಿನ ಕೆಳಗೆ ಅದು ಗುಂಯ್ ಅನ್ನುತ್ತದೆ. ವಯಸ್ಸಾದವರಿಗೆ ಮಾತು ಸಿಗದು, ಗಲಾಟೆ ಮಾತ್ರ ಸಿಗುತ್ತದೆ. ವಾಲ್ಯೂಮ್ ಏರಿಸಿದರೆ ಗಲಾಟೆಯೇ ಏರುವುದು.

ಈ ಸಲ ತಂಗಿಯ ಮಗಳ ಬರ್ತ್‌ಡೇಗೆ ಸ್ಪೀಕರ್ ಬೇಡ ಎಂದೆ. ಮಗು ನಿದ್ದೆ ಮುಗಿಸಿ ಎದ್ದು, ಹೊಟ್ಟೆ ತುಂಬಿದ ಮೇಲೆ, ನಾಲ್ಕೂವರೆಗೆ ಅಜ್ಜಿ ಹಸೆಗೆ ಕರೆಯುವ ಹಾಡು ಹಾಡಿದರು. ನಮ್ಮ ಕಡೆ ಮದುವೆ, ಉಪನಯನಕ್ಕೆ ಹೆಂಗಸರು ಹಾಡುವಂಥದ್ದು. ಆ ದಿನ ಮಗುವನ್ನೇ ಮಣೆಗೆ ಕರೆದರು, ಆರತಿ ಎತ್ತಿದರು. ನಿಧಾನದ ದಪ್ಪ ಧ್ವನಿ ಕೇಳಿ ಮಗು ಅವರ ಬಾಯನ್ನೇ ದಿಟ್ಟಿಸುತ್ತ ಕೂತಿತು.

ಆಮೇಲೆ ಜಿ.ಪಿ. ರಾಜರತ್ನಂ ಅವರ ‘ಬಣ್ಣದ ತಗಡಿನ ತುತ್ತೂರಿ’. ಇದು ಅಜ್ಜಂದಿರಿಗೂ ಶಾಲೆಯಿಂದ ಬಾಯಿಪಾಠ. ಮಕ್ಕಳು ಮುಷ್ಟಿಯನ್ನು ಬಾಯಿಗಿಟ್ಟು ಊದುವುದು, ‘ಸರಿಗಮ’ ಬಂದಾಗ ಅಜ್ಜಂದಿರು ಹಾಡುವುದು. ಅದೇ ಹಾಡು ಐದಾರು ಸಲ ಆಯಿತು. ಬೇಸರ ಬಂದದ್ದು ನಮ್ಮಂಥ ನಡುವಿನವರಿಗೆ ಮಾತ್ರ. ಒಂದು ವರ್ಷದ ಮಗುವಿಗೆ ಹತ್ತು ಹಾಡು ಬೇಕಾಗಿಲ್ಲ, ಕೇಳಿದ್ದೇ ಮತ್ತೆ ಬಂದರೆ ಅದಕ್ಕೆ ಖುಷಿ. ಹೀಗೆ ಹದಿನೈದು ನಿಮಿಷ ಸಾಕು. ಮಗು ಮುಖ ತಿರುಗಿಸಿದರೆ ಅಥವಾ ಕಿವಿ ಕಣ್ಣು ಉಜ್ಜಿದರೆ ಅಲ್ಲಿಗೇ ನಿಲ್ಲಿಸಿ.

ಕೇಕ್ ಹೊತ್ತಿಗೆ ಒಬ್ಬರೇ ಮೆಲ್ಲಗೆ ಶುರು ಮಾಡಬೇಕು, ಉಳಿದವರು ಎರಡನೇ ಸಾಲಿಗೆ ಸೇರಬೇಕು. ಚಪ್ಪಾಳೆ ಎರಡು ಬೆರಳಿನದು. ಸುಮ್ನೆ ಅಂದುಕೊಳ್ಳಬೇಡಿ, ಮುಂಚೆಯೇ ಎಲ್ಲರಿಗೂ ಹೇಳಿಡಿ. ನಮ್ಮ ಮಾವ ಮರೆತು ಒಂದು ಜೋರು ಸೀಟಿ ಹೊಡೆದೇ ಬಿಟ್ಟರು!

ಊಟಕ್ಕೆ ಕೂತಾಗ ಅಪ್ಪ ಯಕ್ಷಗಾನದ ಪದ್ಯ ಕೇಳಿದರು. ಫೋನಿನಲ್ಲೇ, ಅವರ ಪಕ್ಕ ಇಟ್ಟು ಹಾಕಿದೆ. ಚಂಡೆ ಜೋರಾಗುವ ಪದ್ಯ ಬಿಟ್ಟು, ಭಾಗವತರು ವಿಳಂಬದಲ್ಲಿ ಹಾಡುವುದನ್ನೇ ಆರಿಸಿದ್ದೆ. ಅಷ್ಟರಲ್ಲಿ ಪಾಯಸ ಬಂತು.