ಆಡಿಟ್‌ಗೆ ಮುಂಚೆ ಕಳೆದುಹೋದ ಓಚರ್ ಮತ್ತೆ ಮಾಡಿಸಬಹುದಾ?

"ಮುಂದಿನ ತಿಂಗಳು ನಮ್ಮ ಗ್ರಾಮ ಪಂಚಾಯ್ತಿ ಆಡಿಟ್. ಪೈಪ್ ಖರೀದಿಯದ್ದೊಂದು, ಚರಂಡಿ ಕಾಮಗಾರಿಯದ್ದೊಂದು ಓಚರ್ ಸಿಗ್ತಿಲ್ಲ. ಹೊಸದಾಗಿ ಬಿಲ್ ಮಾಡಿಸಿ ಸೇರಿಸೋದಾ, ಇಲ್ಲಾ ಆಕ್ಷೇಪಣೆ ಬಂದ ಮೇಲೆ ನೋಡಿಕೊಳ್ಳೋದಾ?"

ಮಾಡಿಸಬೇಡಿ. ನಾನು ಮಾಡಿಸಿದ್ದೆ.

ಸಕಲೇಶಪುರ ಕಡೆಯ ಒಂದು ಪಂಚಾಯ್ತಿಯಲ್ಲಿ ಲೆಕ್ಕ ಸಹಾಯಕನಾಗಿದ್ದೆ. 2018ರ ಮಳೆಗಾಲದಲ್ಲಿ 2016-17ರ ಲೆಕ್ಕದ ಆಡಿಟ್ ಬಂತು. ನಗದು ಪುಸ್ತಕದಲ್ಲಿ ಪೈಪ್ ಖರೀದಿಗೆ 38,400 ರೂಪಾಯಿ ಚೆಕ್ ಬರೆದಿದೆ, ಓಚರ್ ಕಟ್ಟು ಬಿಚ್ಚಿದರೆ ಆ ನಂಬರೇ ಇಲ್ಲ. ಪೈಪ್ ಬಂದದ್ದು ನಿಜ, ಹಾಕಿದ್ದೂ ನಿಜ. ಹಾಗಾಗಿ ತಪ್ಪೇನು ಅಂದುಕೊಂಡು ಪೇಟೆಯ ಅಂಗಡಿಗೆ ಹೋಗಿ, ಅದೇ ಮೊತ್ತಕ್ಕೆ 2017ರ ಮಾರ್ಚ್ ತಾರೀಕು ಹಾಕಿಸಿ ಬಿಲ್ ತಂದೆ. ಪಾಸ್ ಆರ್ಡರ್ ಸೀಲು ಹೊಡೆದು, ಹಳೇದು ಕಾಣಲಿ ಅಂತ ಮಡಿಚಿ ಮಡಿಚಿ ಕಟ್ಟಿಗೆ ಪೋಣಿಸಿದೆ.

ಆಡಿಟರ್ ಮೊತ್ತ ನೋಡಲೇ ಇಲ್ಲ. ಬಿಲ್ಲಿನ ತಲೆಯ ಮೇಲೆ ಬೆರಳಿಟ್ಟು, "ಮಾರ್ಚ್‌ನಲ್ಲೇ ಜಿಎಸ್‌ಟಿ ನಂಬರ್ ಅಚ್ಚಾಗಿತ್ತೇನ್ರೀ?" ಅಂದರು. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಹಳೇ ಬಿಲ್ ಆಗಿದ್ದರೆ ವ್ಯಾಟ್ ಕಾಲದ ಟಿನ್ ನಂಬರ್ ಇರಬೇಕಿತ್ತು. ಅಂಗಡಿಯವರು ಹೊಸ ಬಿಲ್ ಪುಸ್ತಕದಿಂದ ಹರಿದುಕೊಟ್ಟಿದ್ದರು, ನಾನು ತಾರೀಕು, ಮೊತ್ತ ಮಾತ್ರ ನೋಡಿಕೊಂಡಿದ್ದೆ. ಮೇಲಿಂದ, ಆರು ತಿಂಗಳಿಗೆ ಅಸಲಿ ಬಿಲ್ಲೂ ಸಿಕ್ಕಿತು! ಯಾವುದೋ ದೂರಿನ ವಿಚಾರಣೆಗೆ ಅಂತ ತಾಲ್ಲೂಕು ಪಂಚಾಯ್ತಿಗೆ ಹೋಗಿದ್ದ ಕಡತದಲ್ಲೇ ಇತ್ತು. ಈಗ ಒಂದು ಪಾವತಿಗೆ ಎರಡು ಬಿಲ್. ವಿವರಣೆ ಯಾರೂ ಕೇಳಲಿಲ್ಲ. ಸಂಬಳದಲ್ಲಿ ತಿಂಗಳಿಗೆ 4,800ರಂತೆ ಎಂಟು ಕಂತು ಕಡಿದರು.

"ಓಚರ್ ಹಾಜರುಪಡಿಸಿಲ್ಲ" ಅಂತ ಕಂಡಿಕೆ ಬಿದ್ದಿದ್ದರೆ ಅದು ಆಕ್ಷೇಪಣೆಯಲ್ಲಿಟ್ಟ ಮೊತ್ತವಾಗಿ ಉಳಿಯುತ್ತಿತ್ತು. ಅಸಲಿ ಸಿಕ್ಕ ದಿನ ಅನುಪಾಲನಾ ವರದಿಗೆ ಲಗತ್ತಿಸಿ ಕಂಡಿಕೆ ಕೈಬಿಡಲು ಕೇಳಬಹುದಿತ್ತು. ನೀವು ಆಕ್ಷೇಪಣೆಗೆ ಹೆದರ್ತಿದ್ದೀರಿ, ಹೆದರಬೇಕಾದ್ದು ಅದಕ್ಕಲ್ಲ.

ಮೊದಲು ತಾಲ್ಲೂಕು ಪಂಚಾಯ್ತಿಗೆ ಹೋದ ಕಡತಗಳನ್ನು ಹುಡುಕಿ. ಅಲ್ಲೂ ಇಲ್ಲದಿದ್ದರೆ ಅಂಗಡಿಯ ಕಾರ್ಬನ್ ಪ್ರತಿಯ ಜೆರಾಕ್ಸ್ ತಂದು, ಮೇಲೆ "ನಕಲು" ಅಂತ ಬರೆಸಿ, ಇವತ್ತಿನ ತಾರೀಕಿಗೇ ಸಹಿ ಹಾಕಿಸಿ. ಜೊತೆಗೆ ಚೆಕ್ ನಂಬರ್ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ದಾಸ್ತಾನು ವಹಿಯ ಪುಟ ಇಡಿ.

ಚರಂಡಿಯದ್ದು ಬೇರೆ ಕಥೆ. ಅದಕ್ಕೆ ಓಚರ್‌ಗಿಂತ ಎಂಬಿ ಪುಸ್ತಕ ಮುಖ್ಯ. ಇಂಜಿನಿಯರ್ ಅಳತೆ ಬರೆದ ತಾರೀಕು ಚೆಕ್ಕಿನ ತಾರೀಕಿಗಿಂತ ಹಿಂದಿದೆಯಾ ನೋಡಿ. ಮುಂದಿದ್ದರೆ ಅಳೆಯುವ ಮೊದಲೇ ದುಡ್ಡು ಕೊಟ್ಟಂತಾಯಿತು, ಓಚರ್ ಸಿಕ್ಕಿದರೂ ಕಂಡಿಕೆ ಗ್ಯಾರಂಟಿ. ಆ ಇಂಜಿನಿಯರ್‌ಗೆ ವರ್ಗ ಆಗಿದ್ದರೆ ಎಂಬಿ ಎಲ್ಲಿದೆ ಅಂತ ಇವತ್ತೇ ಫೋನ್ ಮಾಡಿ.